ತೆರಿಗೆ ಬಾಕಿಗೆ ಕಂತು ಕೇಳೋದು ಹೇಗೆ? ಟಿಕೋಟಾ ಅಂಗಡಿಯ ಲೆಕ್ಕ ಹೇಳುವ ಪಾಠ

ವಿಜಯಪುರ: ಜಿಎಸ್‌ಟಿ ಬಾಕಿ ಕಟ್ಟಿ ಅಂತ ಆದೇಶ ಕೈಗೆ ಬಂದ ದಿನ ವ್ಯಾಪಾರಸ್ಥರು ಸಾಮಾನ್ಯವಾಗಿ ಎರಡೇ ದಾರಿ ನೋಡ್ತಾರೆ. ಒಂದು, ಎಲ್ಲಿಂದಲಾದರೂ ಸಾಲ ತಂದು ಒಮ್ಮೆಲೇ ಕಟ್ಟೋದು. ಇನ್ನೊಂದು, ಕಾಗದ ಡ್ರಾವರ್‌ನಲ್ಲಿಟ್ಟು ‘ನೋಡೋಣ ತಗೋ’ ಅಂತ ಸುಮ್ಮನಿರೋದು. ಕಾನೂನಿನಲ್ಲಿ ಮೂರನೇ ದಾರಿಯೂ ಇದೆ. ಕೈಯಲ್ಲಿ ರೊಕ್ಕ ಎಷ್ಟಿದೆ, ಯಾವ ತಿಂಗಳು ಎಷ್ಟು ಬರುತ್ತೆ ಅನ್ನೋದನ್ನ ಇದ್ದದ್ದು ಇದ್ದ ಹಾಗೆ ಇಲಾಖೆ ಮುಂದೆ ಇಟ್ಟು ತಿಂಗಳ ಕಂತು ಕೇಳೋದು. ವಿಜಯಪುರ ನಗರ, ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಈ ದಾರಿ ಬಗ್ಗೆ ಕೇಳಿದವರು ಕಡಿಮೆ. ಕೇಳಿದವರೂ ಅರ್ಜಿಯಲ್ಲಿ ಒಂದು ತಪ್ಪು ಲೆಕ್ಕ ಹಾಕಿ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಆ ಲೆಕ್ಕ ದ್ರಾಕ್ಷಿ ಸೀಸನ್‌ಗೆ ಸಂಬಂಧಿಸಿದ್ದು.

2025ರ ಜುಲೈ ಕಲಿಸಿದ್ದು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಸ್ಥರಿಗೆ ನೋಟಿಸ್ ಕಳಿಸಿದಾಗ ಆದ ಗದ್ದಲ ಎಲ್ಲರಿಗೂ ನೆನಪಿದೆ. ಯುಪಿಐ ಮೂಲಕ ಬಂದ ಹಣದ ಮಾಹಿತಿ ತರಿಸಿಕೊಂಡು, ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ಮಿತಿ ದಾಟಿದೆ ಅಂತ ಇಲಾಖೆ ಹೇಳಿತ್ತು. ಬೇಕರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಸ್ಥರ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡು ಮುಂದೆ ತೆರಿಗೆ ಕಟ್ಟಿದರೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಭರವಸೆ ಕೊಟ್ಟ ಮೇಲೆ ವಾತಾವರಣ ತಣ್ಣಗಾಯ್ತು.

ಆ ಭರವಸೆ ನೋಂದಣಿ ಇಲ್ಲದೆ ನಡೆಯುತ್ತಿದ್ದ ಸಣ್ಣ ಅಂಗಡಿಗಳಿಗೆ ಸಂಬಂಧಿಸಿದ್ದು. ಮೊದಲಿನಿಂದ ಜಿಎಸ್‌ಟಿ ನಂಬರ್ ಇರುವವರಿಗೆ, ರಿಟರ್ನ್‌ನಲ್ಲಿ ವ್ಯತ್ಯಾಸ ಸಿಕ್ಕು ಬರುವ ಡಿಮ್ಯಾಂಡ್‌ಗೆ ಅದು ಲಾಗೂ ಆಗಲ್ಲ. ಇನ್ನೊಂದು ಪಾಠ ಮಾತ್ರ ಎಲ್ಲರಿಗೂ ಸೇರಿದ್ದು. ಬ್ಯಾಂಕು, ಯುಪಿಐ ಲೆಕ್ಕ ಇಲಾಖೆಗೆ ಕಾಣುತ್ತೆ. ಹಾಗಾಗಿ ಕಂತಿನ ಅರ್ಜಿಯಲ್ಲಿ ‘ವ್ಯಾಪಾರ ಪೂರಾ ಬಿದ್ದೈತ್ರಿ, ಕೈಯಾಗ ಏನೂ ಇಲ್ಲ’ ಅಂತ ಬರೆದು ಎರಡನೇ ಬ್ಯಾಂಕ್ ಖಾತೆ ಬಿಟ್ಟರೆ, ಆ ಅರ್ಜಿ ಅಲ್ಲಿಗೇ ನಂಬಿಕೆ ಕಳೆದುಕೊಳ್ಳುತ್ತೆ.

ಮೊದಲು ಕೇಳಬೇಕಾದ ಪ್ರಶ್ನೆ: ಬಾಕಿ ನಿಜವಾಗಿ ಇದೆಯಾ?

ಕಂತು ಕೇಳೋದು ಅಂದರೆ ಬಾಕಿ ಒಪ್ಪಿಕೊಂಡು ಕಾಲಾವಕಾಶ ಕೇಳೋದು. ಡಿಮ್ಯಾಂಡೇ ತಪ್ಪಿದ್ದರೆ ಕಂತು ಅದನ್ನ ಸರಿ ಮಾಡಲ್ಲ. ಈ ಭಾಗದಲ್ಲಿ ಇದು ಮುಖ್ಯ, ಯಾಕಂದರೆ ಟಿಕೋಟಾ, ಬಬಲೇಶ್ವರದ ಒಣದ್ರಾಕ್ಷಿ ರೈತರ ಖಾತೆಗೆ ಹಂಗಾಮಿನಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಬರುತ್ತೆ. ಒಣದ್ರಾಕ್ಷಿ ಮೇಲೆ 5% ಜಿಎಸ್‌ಟಿ ಇದೆ. ಆದರೆ ಸ್ವಂತ ತೋಟದ ದ್ರಾಕ್ಷಿ ಒಣಗಿಸಿ ಮಾರುವ ರೈತ ಅದನ್ನ ಕಟ್ಟಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ ಇದನ್ನ ಸ್ಪಷ್ಟಪಡಿಸಿತು. 2025ರ ಫೆಬ್ರುವರಿಯಲ್ಲಿ ಕೇಂದ್ರದ ಸುತ್ತೋಲೆಯೂ ಬಂತು. ಅಂಥ ರೈತನಿಗೆ ನೋಟಿಸ್ ಬಂದರೆ ಪಹಣಿ ಮತ್ತು ಮಾರಾಟದ ಪಟ್ಟಿ ಇಟ್ಟು ಉತ್ತರ ಕೊಡಬೇಕೇ ಹೊರತು ಕಂತು ಕೇಳಬಾರದು. ರೈತರಿಂದ ಕೊಂಡು ಮಾರುವ ವ್ಯಾಪಾರಿಯ ಮಾತು ಬೇರೆ.

ಅಂಗಡಿಯವರಿಗೂ ಆದೇಶ ತಪ್ಪು ಅನ್ನಿಸಿದರೆ ಮೇಲ್ಮನವಿ ಇದೆ. ಆದೇಶ ತಲುಪಿದ ಮೂರು ತಿಂಗಳೊಳಗೆ ಹಾಕಬೇಕು. ಒಪ್ಪಿದ ಮೊತ್ತ ಪೂರ್ತಿ ಮತ್ತು ತಕರಾರಿನ ತೆರಿಗೆಯ 10% ಮೊದಲು ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತೆ. ಬಾಕಿ ನಿಜ, ಆದರೆ ಈಗ ಒಮ್ಮೆಲೇ ಕಟ್ಟೋಕಾಗಲ್ಲ ಅನ್ನುವವರಿಗೆ ಮಾತ್ರ ಕಂತು.

ಕಾನೂನು ಏನು ಕೊಡುತ್ತೆ?

ಜಿಎಸ್‌ಟಿ ಕಾಯ್ದೆಯ 80ನೇ ಕಲಂ ಪ್ರಕಾರ ಗರಿಷ್ಠ 24 ತಿಂಗಳ ಕಂತಿಗೆ ಅವಕಾಶ ಇದೆ. ಅರ್ಜಿಯ ನಮೂನೆ ಡಿಆರ್‌ಸಿ-20. ಅರ್ಜಿ ಬಂದ ಮೇಲೆ ಅರ್ಜಿದಾರನಿಗೆ ಕಟ್ಟುವ ಶಕ್ತಿ ಇದೆಯಾ ಅಂತ ಸಂಬಂಧಪಟ್ಟ ವಲಯದ ಅಧಿಕಾರಿಯಿಂದ ವರದಿ ತರಿಸಿಕೊಳ್ಳಲಾಗುತ್ತೆ. ಆಮೇಲೆ ಡಿಆರ್‌ಸಿ-21 ನಮೂನೆಯಲ್ಲಿ ಆದೇಶ ಬರುತ್ತೆ. ಕಂತು ಕೊಡಲೇಬೇಕು ಅಂತ ಕಾನೂನು ಹೇಳಿಲ್ಲ. ಅದು ಅಧಿಕಾರಿಯ ವಿವೇಚನೆ. ಆ ವರದಿ ಬರೆಯುವವರ ಕೈಗೆ ಅಂಗಡಿಯವರು ಏನು ಕೊಡ್ತಾರೆ ಅನ್ನೋದರ ಮೇಲೆ ಬಹಳಷ್ಟು ನಿಂತಿರುತ್ತೆ.

ಮೂರು ಕಡೆ ಬಾಗಿಲು ಮುಚ್ಚಿರುತ್ತೆ. ಬಾಕಿ 25,000 ರೂಪಾಯಿಗಿಂತ ಕಡಿಮೆ ಇದ್ದರೆ ಕಂತಿಲ್ಲ. ರಿಟರ್ನ್‌ನಲ್ಲಿ ತಾವೇ ತೋರಿಸಿದ ತೆರಿಗೆಗೆ ಕಂತಿಲ್ಲ. ಗಿರಾಕಿಯಿಂದ ಆಗಲೇ ವಸೂಲಾದ ತಿಂಗಳ ತೆರಿಗೆಯನ್ನ ನಿಧಾನಕ್ಕೆ ಕಟ್ಟುತ್ತೇನೆ ಅನ್ನೋ ಹಾಗಿಲ್ಲ. ಮೂರನೇದು ಹೆಚ್ಚಿನವರು ಮರೆಯೋದು: ಹಿಂದಿನ ಯಾವುದೋ ಬಾಕಿ ಕಟ್ಟದೆ ಅದರ ವಸೂಲಿ ಪ್ರಕ್ರಿಯೆ ಶುರುವಾಗಿದ್ದರೆ ಕಂತು ಸಿಗಲ್ಲ. ಆದೇಶ ತಲುಪಿದ ಮೇಲೆ ಕಟ್ಟೋಕೆ ಸಾಮಾನ್ಯವಾಗಿ ಮೂರು ತಿಂಗಳು ಇರುತ್ತೆ. ಅದು ದಾಟಿದರೆ ಬ್ಯಾಂಕ್ ಖಾತೆಗೆ ನೋಟಿಸ್ ಹೋಗೋದು, ಅಂಗಡಿಗೆ ಬಾಕಿ ಕೊಡಬೇಕಾದವರಿಗೂ ನೋಟಿಸ್ ಹೋಗೋದು ಶುರುವಾಗಬಹುದು. ಡ್ರಾವರ್‌ನಲ್ಲಿ ಕಾಗದ ಇಟ್ಟು ಕೂತವರು ಕಂತಿನ ದಾರಿಯನ್ನೂ ತಾವೇ ಮುಚ್ಚಿಕೊಳ್ತಾರೆ.

ಎಲ್ಲಕ್ಕಿಂತ ಗಟ್ಟಿ ಷರತ್ತು ಇನ್ನೊಂದಿದೆ. ಒಂದೇ ಒಂದು ಕಂತು ನಿಗದಿತ ದಿನಕ್ಕೆ ತಪ್ಪಿದರೂ ಉಳಿದ ಪೂರ್ತಿ ಬಾಕಿ ಆ ಕ್ಷಣಕ್ಕೇ ಕಟ್ಟಬೇಕಾಗುತ್ತೆ. ಮತ್ತೊಂದು ನೋಟಿಸ್ ಕೂಡ ಕೊಡಬೇಕಿಲ್ಲ. ಹತ್ತು ಕಂತು ಸರಿಯಾಗಿ ಕಟ್ಟಿದವನಿಗೂ ಇದೇ ನಿಯಮ.

ಟಿಕೋಟಾ ಅಂಗಡಿಯ ಉದಾಹರಣೆ

ಲೆಕ್ಕ ತಿಳಿಯಲಿ ಅಂತ ಒಂದು ಕಲ್ಪಿತ ಅಂಗಡಿ ತೆಗೆದುಕೊಳ್ಳೋಣ. ಟಿಕೋಟಾದಲ್ಲಿ ದ್ರಾಕ್ಷಿ ತೋಟಕ್ಕೆ ಬೇಕಾದ ಔಷಧ, ಗೊಬ್ಬರ ಮಾರುವ ಅಂಗಡಿ. 2022-23ರಲ್ಲಿ ಇನ್‌ಪುಟ್ ಕ್ರೆಡಿಟ್ ಜಾಸ್ತಿ ತಗೊಂಡಿದ್ದು ತಪಾಸಣೆಯಲ್ಲಿ ಸಿಕ್ಕಿದೆ, ಮಾಲೀಕರೂ ಒಪ್ಪಿದ್ದಾರೆ. ಆಗಸ್ಟ್‌ನಲ್ಲಿ ಆದೇಶ ಬಂತು: ತೆರಿಗೆ 4,00,000, ಬಡ್ಡಿ ಸುಮಾರು 2,00,000, ದಂಡ 40,000. ಒಟ್ಟು 6,40,000 ರೂಪಾಯಿ.

ಮಾಲೀಕರ ಕೈಯಲ್ಲಿ, ಎರಡೂ ಬ್ಯಾಂಕ್ ಖಾತೆ ಸೇರಿ, 1,60,000 ಇದೆ. ಬ್ಯಾಂಕಿನ ಸಿಸಿ ಮಿತಿ 15 ಲಕ್ಷ, ಅದರಲ್ಲಿ 14,40,000 ಆಗಲೇ ತೆಗೆದಾಗಿದೆ. ಅಂಗಡಿಯಲ್ಲಿ 9 ಲಕ್ಷದ ಮಾಲಿದೆ, ಆದರೆ ಅದು ಬ್ಯಾಂಕಿಗೆ ಅಡವು. ರೈತರಿಂದ ಬರಬೇಕಾದ ಉದ್ರಿ 11 ಲಕ್ಷ. ಕಂಪನಿಗಳಿಗೆ ಕೊಡಬೇಕಾದದ್ದು 7,20,000.

ಇಷ್ಟನ್ನ ನೋಡಿದ ಅಧಿಕಾರಿ ಸಹಜವಾಗಿ ಎರಡು ಪ್ರಶ್ನೆ ಕೇಳ್ತಾರೆ. ಬ್ಯಾಂಕಿನಿಂದ ಯಾಕೆ ತರಬಾರದು? 11 ಲಕ್ಷ ಬರೋದಿದೆಯಲ್ಲ, ಅದನ್ನ ಯಾಕೆ ವಸೂಲಿ ಮಾಡಬಾರದು? ಮೊದಲನೇದಕ್ಕೆ ಉತ್ತರ ಸಿಸಿ ಖಾತೆಯ ಸ್ಟೇಟ್‌ಮೆಂಟ್‌ನಲ್ಲೇ ಇದೆ. ಎರಡನೇದಕ್ಕೆ ಉದ್ರಿಯನ್ನ ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಬೇಕು. 6,50,000 ಈ ಸಲದ ಹಂಗಾಮಿನದು, ಹಣ್ಣು ಬಂದ ಮೇಲೆ ಬರುತ್ತೆ. 2,50,000 ಹೋದ ವರ್ಷದ್ದು, ಸ್ವಲ್ಪ ಸ್ವಲ್ಪ ಬರ್ತಿದೆ. 2,00,000 ಎರಡು ವರ್ಷ ದಾಟಿದ್ದು, ಬರುವ ಭರವಸೆ ಇಲ್ಲ. ಹೀಗೆ ಬಿಡಿಸದೆ ‘11 ಲಕ್ಷ ಉದ್ರಿ’ ಅಂತ ಒಂದೇ ಸಾಲು ಬರೆದರೆ ಅಂಗಡಿ ಶ್ರೀಮಂತವಾಗಿ ಕಾಣುತ್ತೆ, ಅರ್ಜಿ ಸುಳ್ಳಾಗಿ ಕಾಣುತ್ತೆ. ಉದ್ರಿ ತೋರಿಸಿದರೆ ಇಲಾಖೆ ನಾಳೆ ಆ ರೈತರಿಗೇ ನೋಟಿಸ್ ಕೊಟ್ಟೀತು ಅನ್ನೋ ಹೆದರಿಕೆ ಇರುತ್ತೆ. ಕಾನೂನಿನಲ್ಲಿ ಆ ಅಧಿಕಾರ ಇರೋದು ನಿಜ. ಆದರೆ ಅದು ಬಳಕೆಗೆ ಬರೋದು ಬಾಕಿ ಕಟ್ಟದೆ ತಪ್ಪಿದಾಗ. ಮುಚ್ಚಿಟ್ಟ ಉದ್ರಿ ಲೆಕ್ಕಪತ್ರದಲ್ಲಿ ಹೇಗೂ ಇರುತ್ತೆ.

ಸರಾಸರಿ ಅನ್ನೋ ಬಲೆ

ಈಗ ಮುಖ್ಯ ಲೆಕ್ಕ. ಈ ಭಾಗದಲ್ಲಿ ಅಕ್ಟೋಬರ್ ಸುತ್ತ ಹಣ್ಣಿನ ಚಾಟ್ನಿ ಆಗುತ್ತೆ. ಅಲ್ಲಿಂದ ಔಷಧ ಸಿಂಪಡಣೆ ಶುರು, ಅಂಗಡಿಯಿಂದ ಮಾಲು ಉದ್ರಿ ಹೋಗುತ್ತೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು, ಶೆಡ್‌ನಲ್ಲಿ ಒಣಗಿಸೋದು. ವಿಜಯಪುರ ಎಪಿಎಂಸಿಯಲ್ಲೋ, ಸಾಂಗ್ಲಿ, ತಾಸಗಾಂವ್‌ನಲ್ಲೋ ಮಾಲು ಮಾರಿದ ಮೇಲೆ ರೈತ ಅಂಗಡಿಗೆ ಬರ್ತಾನೆ. ಹಾಗಾಗಿ ನಮ್ಮ ಉದಾಹರಣೆಯ ಅಂಗಡಿಗೆ ಖರ್ಚು, ಮನೆ ಸಂಸಾರ, ಆಯಾ ತಿಂಗಳ ಜಿಎಸ್‌ಟಿ ಎಲ್ಲ ಕಳೆದು ಉಳಿಯೋದು ಹೀಗಿದೆ ಅಂತಿಟ್ಟುಕೊಳ್ಳಿ: ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಆರು ತಿಂಗಳು ತಲಾ 15,000. ಮಾರ್ಚ್‌ನಿಂದ ಜೂನ್‌ವರೆಗೆ ತಲಾ 60,000. ಜುಲೈ, ಆಗಸ್ಟ್ ತಲಾ 30,000. ವರ್ಷಕ್ಕೆ 3,90,000. ಸರಾಸರಿ ತಿಂಗಳಿಗೆ 32,500.

ಇಲ್ಲೇ ಎಡವೋದು. ಬಾಕಿ 6,40,000. 24 ಕಂತು ಮಾಡಿದರೆ, ಕಂತಿನ ಅವಧಿಯ ಬಡ್ಡಿ ಸೇರಿ ತಿಂಗಳಿಗೆ ಸುಮಾರು 30,000 ಬೀಳುತ್ತೆ. ‘ಸರಾಸರಿ 32,500 ಉಳಿತೈತಿ, ನಡೀತೈತಿ ತಗೋ’ ಅಂತ ಅರ್ಜಿ ಹಾಕಿದರೆ, ಸೆಪ್ಟೆಂಬರ್‌ನಿಂದಲೇ ಪ್ರತಿ ತಿಂಗಳು 15,000 ಕಡಿಮೆ ಬೀಳುತ್ತೆ. ಕೈಯಲ್ಲಿರುವ 1,60,000ರಿಂದ ಅದನ್ನ ತುಂಬಿಸುತ್ತಾ ಹೋಗಬಹುದು, ಆದರೆ ಅದೇ ಹಂಗಾಮಿನಲ್ಲಿ ಕಂಪನಿಗೆ ಮುಂಗಡ ಕೊಡಬೇಕು. ರೊಕ್ಕ ಅತ್ತ ಹೋದರೆ ಜನವರಿಯಲ್ಲಿ ಕಂತು ತಪ್ಪುತ್ತೆ, ಪೂರ್ತಿ ಬಾಕಿ ತಲೆ ಮೇಲೆ ಬೀಳುತ್ತೆ. ಕಂತು ಎಷ್ಟಿರಬೇಕು ಅನ್ನೋದನ್ನ ಸರಾಸರಿ ತಿಂಗಳು ಹೇಳಬಾರದು, ಅತ್ಯಂತ ಬಿಗಿಯಾದ ತಿಂಗಳು ಹೇಳಬೇಕು.

ಕಾಯ್ದೆ ‘ತಿಂಗಳ ಕಂತು’ ಅನ್ನುತ್ತೆ, ‘ಸಮ ಕಂತು’ ಅನ್ನಲ್ಲ. ಹಾಗಾಗಿ ಏರಿಳಿತದ ಕಂತು ಕೇಳೋಕೆ ಅಡ್ಡಿಯಿಲ್ಲ. ನಮ್ಮ ಅಂಗಡಿ ಹೀಗೆ ಕೇಳಬಹುದು. ಅರ್ಜಿಯ ಜೊತೆಗೇ 1,00,000 ಕಟ್ಟಿ, 60,000 ವ್ಯಾಪಾರಕ್ಕೆ ಉಳಿಸಿಕೊಳ್ಳೋದು. ಆ 1,00,000ವನ್ನ ತೆರಿಗೆಯ ಕಾಲಂಗೇ ಹೊಂದಿಸಬೇಕು, ಯಾಕಂದರೆ ವರ್ಷಕ್ಕೆ 18% ಬಡ್ಡಿ ಬೆಳೆಯೋದು ತೆರಿಗೆಯ ಮೇಲೆ, ಹಳೇ ಬಡ್ಡಿ ಅಥವಾ ದಂಡದ ಮೇಲಲ್ಲ. ಉಳಿದದ್ದು 5,40,000. ಬಡ್ಡಿ ಸೇರಿ ಎರಡು ವರ್ಷಕ್ಕೆ ಸುಮಾರು 6,00,000. ಅದನ್ನ ಬಿಗಿ ತಿಂಗಳಲ್ಲಿ ತಲಾ 12,000, ಜುಲೈ-ಆಗಸ್ಟ್‌ನಲ್ಲಿ ತಲಾ 24,000, ಮಾರ್ಚ್‌ನಿಂದ ಜೂನ್‌ವರೆಗೆ ತಲಾ 45,000 ಅಂತ ಹಂಚಿದರೆ ವರ್ಷಕ್ಕೆ ಸರಿಯಾಗಿ 3,00,000 ಆಗುತ್ತೆ. ಯಾವ ತಿಂಗಳಲ್ಲೂ ಉಳಿಯುವ ರೊಕ್ಕಕ್ಕಿಂತ ಕಂತು ದೊಡ್ಡದಿಲ್ಲ. ಬಡ್ಡಿಯ ಸಣ್ಣ ವ್ಯತ್ಯಾಸ ಕೊನೆ ಕಂತಿಗೆ ಸೇರುತ್ತೆ.

ಅಧಿಕಾರಿ ಒಪ್ಪದೆ ಸಮ ಕಂತೇ ಕೊಟ್ಟರೆ? ಆಗ ತಿಂಗಳಿಗೆ 25,000. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಪ್ರತಿ ತಿಂಗಳು 10,000 ಕಡಿಮೆ, ಒಟ್ಟು 60,000. ಉಳಿಸಿಕೊಂಡ 60,000 ಪೂರ್ತಿ ಅಲ್ಲಿಗೇ ಮುಗಿಯುತ್ತೆ. ಮಾರ್ಚ್ ಬಂದರೆ ಉಸಿರಾಡಬಹುದು, ಮುಂದಿನ ಚಳಿಗಾಲಕ್ಕೂ ಎತ್ತಿಡಬಹುದು. ಅಪಾಯ ಇರೋದು ಮೊದಲ ಆರು ತಿಂಗಳಲ್ಲಿ. ಹುರುಪಿನಲ್ಲಿ 1,60,000 ಪೂರ್ತಿ ಮುಂಗಡ ಕಟ್ಟಿಬಿಟ್ಟವರು ಇಲ್ಲೇ ಬೀಳೋದು.

ಕಂತು ಪುಕ್ಕಟೆಯೂ ಅಲ್ಲ. ಈ ಉದಾಹರಣೆಯಲ್ಲಿ ಎರಡು ವರ್ಷದ ಬಡ್ಡಿ ಸುಮಾರು 60,000. ಬ್ಯಾಂಕಿನಲ್ಲಿ 18%ಕ್ಕಿಂತ ಕಡಿಮೆಗೆ ಸಾಲ ಸಿಗುವವರು ಅಲ್ಲಿಂದ ತಂದು ತೆರಿಗೆಯ ಭಾಗವನ್ನ ಕಟ್ಟೋದು ಅಗ್ಗ; ಬಡ್ಡಿ ಬೆಳೆಯದ ಹಳೇ ಬಡ್ಡಿ, ದಂಡಕ್ಕೆ ಸಾಲ ತಂದರೆ ಅಗ್ಗ ಆಗಲ್ಲ. ಕೈಗಡ ತಂದು ತಿಂಗಳಿಗೆ 3% ಕೊಡುವವರಿಗೆ ಮಾತ್ರ ಇಲಾಖೆಯ ಬಡ್ಡಿ ಅರ್ಧಕ್ಕೆ ಅರ್ಧ.

ಅರ್ಜಿಯಲ್ಲಿ ಏನು ಬರೀಬೇಕು?

ಅರ್ಜಿ ಹಾಕೋದು ಜಿಎಸ್‌ಟಿ ಪೋರ್ಟಲ್‌ನಲ್ಲಿ. Services > User Services > My Applications ಒಳಗೆ Application for Deferred Payment/Payment in Instalments ಅಂತ ಇದೆ. ಡಿಮ್ಯಾಂಡ್ ಆದೇಶದ ನಂಬರ್, ಎಷ್ಟು ಕಂತು, ಕಾರಣ ಕೇಳುತ್ತೆ. ಕಾರಣದ ಜಾಗದಲ್ಲಿ ‘ಆರ್ಥಿಕ ತೊಂದರೆ’ ಅಂತ ಎರಡು ಪದ ಬರೆದು ಬಿಡುವ ಬದಲು ಒಂದು ಪುಟದ ಪತ್ರ ಜೋಡಿಸೋದು ಒಳ್ಳೇದು. ಅದರ ಭಾಷೆ ಸರಳವಾಗಿ ಹೀಗಿರಬಹುದು:

“ಆದೇಶದಲ್ಲಿರುವ ರೂ. 6,40,000 ಬಾಕಿಯನ್ನು ನಾವು ಒಪ್ಪಿದ್ದೇವೆ, ಮೇಲ್ಮನವಿ ಹಾಕಿಲ್ಲ. ಇಂದು ರೂ. 1,00,000 ಕಟ್ಟಿದ್ದೇವೆ. ನಮ್ಮ ಎರಡು ಬ್ಯಾಂಕ್ ಖಾತೆ ಮತ್ತು ಸಿಸಿ ಖಾತೆಯ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಜೊತೆಗಿದೆ. ನಮ್ಮ ಗಿರಾಕಿಗಳು ದ್ರಾಕ್ಷಿ ಬೆಳೆಗಾರರು, ಹಣ ಬರುವುದು ಮಾರ್ಚ್‌ನಿಂದ ಜೂನ್‌ವರೆಗೆ. ರೂ. 11 ಲಕ್ಷ ಉದ್ರಿಯಲ್ಲಿ ರೂ. 2 ಲಕ್ಷ ಬರುವ ನಂಬಿಕೆ ಇಲ್ಲ. ತಿಂಗಳವಾರು ಆದಾಯ-ಖರ್ಚಿನ ಪಟ್ಟಿ ಮತ್ತು ನಾವು ಕಟ್ಟಬಲ್ಲ ಕಂತಿನ ಪಟ್ಟಿ ಲಗತ್ತಿಸಿದ್ದೇವೆ. ಈ ಅವಧಿಯ ರಿಟರ್ನ್ ಮತ್ತು ತೆರಿಗೆಯನ್ನು ಸಮಯಕ್ಕೆ ಸರಿಯಾಗಿ ಕಟ್ಟುತ್ತೇವೆ.”

ಕೊನೆಯ ಸಾಲು ಬರೀ ಮರ್ಯಾದೆಗಲ್ಲ. ಹಳೇ ಬಾಕಿಯ ಕಂತು ಕಟ್ಟೋ ಭರದಲ್ಲಿ ಈ ತಿಂಗಳ ತೆರಿಗೆ ಬಿಟ್ಟರೆ ಹೊಸ ಬಾಕಿ ಹುಟ್ಟುತ್ತೆ, ಅದಕ್ಕೆ ಕಂತು ಇಲ್ಲ. ತಿಂಗಳವಾರು ಪಟ್ಟಿಯಲ್ಲಿ ಆಯಾ ತಿಂಗಳ ಜಿಎಸ್‌ಟಿಯನ್ನ ಮೊದಲೇ ಕಳೆದಿರಬೇಕು ಅನ್ನೋದು ಇದಕ್ಕೇ. ಪಟ್ಟಿಯ ಅಂಕಿಗಳು ಸ್ಟೇಟ್‌ಮೆಂಟ್‌ಗೂ ರಿಟರ್ನ್‌ಗೂ ತಾಳೆಯಾಗಬೇಕು. ಮಾರ್ಚ್‌ನಲ್ಲಿ ಖಾತೆಗೆ ದೊಡ್ಡ ಮೊತ್ತ ಬಂದು ಅದೇ ವಾರ ಕಂಪನಿಗೆ ಹೋಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಇಲ್ಲವಾದರೆ ಅಧಿಕಾರಿಯ ಕಣ್ಣಿಗೆ ಜಮೆ ಮಾತ್ರ ಬೀಳುತ್ತೆ.

ಆದೇಶ ಸಿಕ್ಕ ಮೇಲೆ

ಡಿಆರ್‌ಸಿ-21 ಬಂದ ಮೇಲೂ ಒಂದು ಗುಂಡಿ ಇದೆ. ಚಲನ್ ಕಟ್ಟಿದರೆ ರೊಕ್ಕ ಮೊದಲು ಹೋಗೋದು ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ. ಅಲ್ಲಿ ಬಿದ್ದಿದ್ದಕ್ಕೆ ಕಂತು ಕಟ್ಟಿದಂತೆ ಆಗಲ್ಲ. Services > Ledgers > Payment towards Demand ಗೆ ಹೋಗಿ ಆ ಆದೇಶದ ಎದುರಿಗೆ ಹೊಂದಿಸಿದ ಮೇಲೇ ಬಾಕಿ ಇಳಿಯೋದು. ಚಲನ್ ರಸೀದಿ ಕೈಯಲ್ಲಿದೆ, ಡಿಮ್ಯಾಂಡ್ ಮಾತ್ರ ಹಾಗೇ ನಿಂತಿದೆ ಅನ್ನೋ ಪರಿಸ್ಥಿತಿ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಬ್ಯಾಂಕ್ ಮೂಲಕ ಎನ್‌ಇಎಫ್‌ಟಿ ಮಾಡುವವರು ಕೊನೇ ದಿನಕ್ಕೆ ಕಾಯದೆ ಮೂರ್ನಾಲ್ಕು ದಿನ ಮೊದಲೇ ಕಳಿಸೋದು ವಾಸಿ. ಹೊಂದಿಸಿದ ಮೇಲೆ ಲೆಡ್ಜರ್‌ನಲ್ಲಿ ಬಾಕಿ ಇಳಿದಿದೆಯಾ ಅಂತ ಪ್ರತಿ ತಿಂಗಳು ನೋಡಬೇಕು.

ಆಲಿಕಲ್ಲು ಮಳೆ ಬಿದ್ದು ಹಣ್ಣು ಹೋಯ್ತು, ರೈತರಿಂದ ರೊಕ್ಕ ಬರಲಿಲ್ಲ ಅಂದರೆ? ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಬರೆದಿಲ್ಲ. ಕಂತಿನ ದಿನ ದಾಟುವ ಮೊದಲೇ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಆಗುವಷ್ಟನ್ನ ಅದೇ ದಿನ ಕಟ್ಟೋದು ಉಳಿದಿರುವ ಒಂದೇ ಉಪಾಯ. ಅದು ಹಕ್ಕಲ್ಲ, ವಿನಂತಿ ಅಷ್ಟೇ. ಮೊದಲ ಅರ್ಜಿಯಲ್ಲೇ ವರ್ಷಕ್ಕೆ 3,90,000 ಉಳಿಯುವ ಕಡೆ 3,00,000 ಮಾತ್ರ ಕಟ್ಟುತ್ತೇನೆ ಅಂದಿದ್ದರ ಅರ್ಥ ಆಗ ಗೊತ್ತಾಗುತ್ತೆ. ಆ 90,000 ಮುಚ್ಚಿಟ್ಟದ್ದಲ್ಲ. ಪಟ್ಟಿಯಲ್ಲೇ ‘ಬೆಳೆ ಕೈಕೊಟ್ಟರೆ ಇರಲಿ ಅಂತ ಉಳಿಸಿದ್ದು’ ಅಂತ ಬರೆದು ತೋರಿಸಿದ ರೊಕ್ಕ.